ಹಿನ್ನೆಲೆ ಪರಿಶೀಲನೆ, ಪ್ರಕರಣ ಸಂಖ್ಯೆ 40718: ದಾಖಲೆಗಳು ಹಾಗೂ ಹಿಂದಿನ ಸಂಸ್ಥೆಗಳ ಸಂಪರ್ಕ

ಮಾನ್ಯರೇ,

ಜೂನ್ 9ರ ತಮ್ಮ ಇಮೇಲ್ ತಲುಪಿದೆ. ತಾವು ಕೇಳಿದ್ದ ಗುರುತಿನ ಚೀಟಿ, ಪದವಿ ಪ್ರಮಾಣಪತ್ರ, ಅಂಕಪಟ್ಟಿಗಳು, ಹಿಂದಿನ ಎರಡೂ ಸಂಸ್ಥೆಗಳ ನೇಮಕಾತಿ ಪತ್ರ ಮತ್ತು ರಿಲೀವಿಂಗ್ ಲೆಟರ್, ಪೇಸ್ಲಿಪ್‌ಗಳು ಹಾಗೂ ಸಹಿ ಮಾಡಿದ ಒಪ್ಪಿಗೆ ಪತ್ರವನ್ನು ಲಗತ್ತಿಸಿದ್ದೇನೆ. ಫೈಲುಗಳ ಪಾಸ್‌ವರ್ಡನ್ನು ಬೇರೆ ಇಮೇಲ್‌ನಲ್ಲಿ ಕಳುಹಿಸುತ್ತೇನೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಸಂಬಳ ಜಮೆಯಾದ ಸಾಲುಗಳನ್ನು ಬಿಟ್ಟು ಉಳಿದವನ್ನು ಮರೆಮಾಡಿದ್ದೇನೆ. ಈ ಪರಿಶೀಲನೆಗೆ ಅಷ್ಟು ಸಾಕೆಂದು ಭಾವಿಸಿದ್ದೇನೆ.

ದಾಖಲೆಗಳನ್ನು ಹೋಲಿಸಿದಾಗ ಎರಡು ಕಡೆ ವ್ಯತ್ಯಾಸ ಕಾಣುತ್ತದೆ. ಎರಡನೆಯ ಸಂಸ್ಥೆಯ ನೇಮಕಾತಿ ಪತ್ರದಲ್ಲಿ ನನ್ನ ಹುದ್ದೆ ಲೆಕ್ಕಪತ್ರ ಸಹಾಯಕಿ ಎಂದಿದ್ದು, ರೆಸ್ಯೂಮೆಯಲ್ಲಿ ಹಿರಿಯ ಲೆಕ್ಕಪತ್ರ ಸಹಾಯಕಿ ಎಂದಿದೆ. 2022ರ ಏಪ್ರಿಲ್‌ನಲ್ಲಿ ಬಡ್ತಿ ಸಿಕ್ಕಿತ್ತು, ಆ ಪತ್ರವನ್ನೂ ಸೇರಿಸಿದ್ದೇನೆ. ಇನ್ನೊಂದು ನನ್ನದೇ ತಪ್ಪು. ಉಳಿದಿದ್ದ ರಜೆಯನ್ನು ಹೊಂದಿಸಿ ಕೊನೆಯ ಪೇಸ್ಲಿಪ್ಪನ್ನು 2023ರ ಆಗಸ್ಟ್ 31ರವರೆಗೆ ಲೆಕ್ಕ ಹಾಕಿದ್ದರಿಂದ, ಫಾರಂ ತುಂಬುವಾಗ ಅದನ್ನೇ ನೋಡಿಕೊಂಡು ಆ ದಿನಾಂಕವನ್ನು ಬರೆದುಬಿಟ್ಟೆ. ರಿಲೀವಿಂಗ್ ಲೆಟರ್‌ನಲ್ಲಿರುವ ಆಗಸ್ಟ್ 25 ಸರಿಯಾದ ದಿನಾಂಕ. ದಯವಿಟ್ಟು ಅದನ್ನೇ ಪರಿಗಣಿಸಬೇಕು. 2020ರ ಮಾರ್ಚ್‌ನಿಂದ ಜೂನ್‌ವರೆಗೆ ನಾನು ಎಲ್ಲಿಯೂ ಕೆಲಸದಲ್ಲಿರಲಿಲ್ಲ.

ಸಂಪರ್ಕ ವಿವರಗಳು ತಮ್ಮ ಫಾರಂನ ಮೂರನೆಯ ಪುಟದಲ್ಲಿವೆ. ಮೊದಲ ಸಂಸ್ಥೆ 2021ರಲ್ಲಿ ಬೇರೊಂದು ಸಂಸ್ಥೆಯಲ್ಲಿ ವಿಲೀನವಾಯಿತು. ರಿಲೀವಿಂಗ್ ಲೆಟರ್‌ನಲ್ಲಿರುವ ಇಮೇಲ್‌ಗೆ ಕಳೆದ ವಾರ ನಾನೇ ಬರೆದು ನೋಡಿದಾಗ ಅದು ಹಾಗೆಯೇ ಹಿಂದಿರುಗಿತು. ಹೀಗಾಗಿ ವಿಲೀನದ ನಂತರದ ಸಂಸ್ಥೆಯ ಎಚ್‌ಆರ್ ವಿಭಾಗದ ವಿಳಾಸವನ್ನು ಕೊಟ್ಟಿದ್ದೇನೆ. ನನ್ನ ಉದ್ಯೋಗಿ ಸಂಖ್ಯೆ 1146 ತಿಳಿಸಿದರೆ ಹಳೆಯ ಕಡತ ನೋಡಿ ಉತ್ತರಿಸುವುದಾಗಿ ಅವರು ಫೋನಿನಲ್ಲಿ ಹೇಳಿದ್ದಾರೆ. ಅಲ್ಲಿ ನನ್ನ ಮೇಲಧಿಕಾರಿಯಾಗಿದ್ದವರು ಈಗ ಆ ಸಂಸ್ಥೆಯಲ್ಲಿಲ್ಲದಿದ್ದರೂ ಮಾತನಾಡಲು ಒಪ್ಪಿದ್ದಾರೆ. ಅಪರಿಚಿತ ಸಂಖ್ಯೆಯ ಕರೆಗಳನ್ನು ಅವರು ಸ್ವೀಕರಿಸುವುದಿಲ್ಲವಾದ್ದರಿಂದ ಮೊದಲು ಒಂದು ಸಂದೇಶ ಕಳುಹಿಸಿದರೆ ಅನುಕೂಲ. ಎರಡನೆಯ ಸಂಸ್ಥೆಯ ಎಚ್‌ಆರ್ ವಿಭಾಗವು ಇಂತಹ ಕೋರಿಕೆಗಳಿಗೆ ಇಮೇಲ್‌ನಲ್ಲಿ ಮಾತ್ರ ಉತ್ತರಿಸುತ್ತದೆ.

ಈಗ ಕೆಲಸ ಮಾಡುತ್ತಿರುವ ಸಂಸ್ಥೆಗೆ ನಾನು ಇನ್ನೂ ರಾಜೀನಾಮೆ ಕೊಟ್ಟಿಲ್ಲ. ಪರಿಶೀಲನೆಯ ವಿಷಯ ಅಲ್ಲಿಗೆ ಮೊದಲೇ ತಲುಪಿದರೆ ನನ್ನ ಕೆಲಸಕ್ಕೇ ತೊಂದರೆಯಾಗಬಹುದಾದ್ದರಿಂದ, ನಾನು ಲಿಖಿತವಾಗಿ ತಿಳಿಸುವವರೆಗೆ ಅವರನ್ನು ಇಮೇಲ್ ಅಥವಾ ಫೋನ್ ಮೂಲಕ ಸಂಪರ್ಕಿಸಬಾರದೆಂದು ಕೋರುತ್ತೇನೆ. ಒಪ್ಪಿಗೆ ಪತ್ರದಲ್ಲಿಯೂ ಆ ಕಲಂನ ಎದುರು ಹೀಗೆಯೇ ಬರೆದು ಸಹಿ ಮಾಡಿದ್ದೇನೆ. ಸದ್ಯಕ್ಕೆ ನೇಮಕಾತಿ ಪತ್ರ ಮತ್ತು ಕಳೆದ ಮೂರು ತಿಂಗಳ ಪೇಸ್ಲಿಪ್‌ಗಳನ್ನು ಆಧಾರವಾಗಿ ಪಡೆಯಬಹುದು. ರಿಲೀವಿಂಗ್ ಲೆಟರ್ ಕೈಸೇರಿದ ದಿನವೇ ಕಳುಹಿಸುತ್ತೇನೆ.

ಈ ಇಮೇಲ್ ಮತ್ತು ಲಗತ್ತುಗಳು ತಲುಪಿದ ಬಗ್ಗೆ ಒಂದು ಸಾಲು ಬರೆದು ತಿಳಿಸಬೇಕಾಗಿ ವಿನಂತಿ.

ವಂದನೆಗಳೊಂದಿಗೆ,
ಶ್ರೀಲತಾ