ಗರ್ಭಿಣಿ ತಪಾಸಣೆಯ ಸಾರಾಂಶ ಕಾರ್ಡ್

ತಾಯಿ: ಮಂಜುಳಾ, 29 ವರ್ಷ. ಊರು ಚಳ್ಳಕೆರೆ ತಾಲ್ಲೂಕು, ತವರು ಶಿರಾ ತಾಲ್ಲೂಕು. ಜುಲೈ 20ಕ್ಕೆ ತವರಿಗೆ ಹೊರಡುತ್ತಾರೆ.
ಬರೆದ ದಿನ: 11 ಜುಲೈ 2025, ಶುಕ್ರವಾರ. ಇವತ್ತಿಗೆ 26 ವಾರ.

ಅಲ್ಲಿನ ಸಿಸ್ಟರ್ ಮತ್ತು ಆಶಾ ಅವರಿಗೆ: ತಾಯಿ ಕಾರ್ಡ್, ಒಪಿಡಿ ಚೀಟಿಗಳು, ಎರಡು ಸ್ಕ್ಯಾನಿಂಗ್ ರಿಪೋರ್ಟ್, ಆಶಾ ಡೈರಿ ಎಲ್ಲವನ್ನೂ ನೋಡಿ ಇದನ್ನು ಬರೆದಿದ್ದೇನೆ. ಇದನ್ನು ತಾಯಿ ಕಾರ್ಡಿನ ಮೊದಲ ಪುಟಕ್ಕೆ ಪಿನ್ ಮಾಡಿಡಿ.

ಇವರ ಹೆರಿಗೆ ಪಿಎಚ್‌ಸಿಯಲ್ಲಿ ಬೇಡ. ರಕ್ತನಿಧಿ ಮತ್ತು ಆಪರೇಷನ್ ಸೌಲಭ್ಯ ಎರಡೂ ಇರುವ ಆಸ್ಪತ್ರೆಯಲ್ಲೇ ಆಗಬೇಕು.

ದಿನದ ಲೆಕ್ಕ
ಕೊನೆಯ ಮುಟ್ಟು 10 ಜನವರಿ 2025. ಹೆರಿಗೆ ದಿನ 17 ಅಕ್ಟೋಬರ್ 2025. ಮೊದಲ ಸ್ಕ್ಯಾನಿಂಗ್‌ನಲ್ಲಿ 19 ಅಕ್ಟೋಬರ್ ಎಂದಿದೆ. ಎರಡೇ ದಿನದ ವ್ಯತ್ಯಾಸ, ಹಾಗಾಗಿ 17ನ್ನೇ ಇಟ್ಟುಕೊಂಡಿದ್ದೇವೆ.

ಅಪಾಯದ ಅಂಶಗಳು
ರಕ್ತದ ಗುಂಪು ಒ ನೆಗೆಟಿವ್, ಗಂಡನದು ಬಿ ಪಾಸಿಟಿವ್. ಒಂದು ಹಳೆ ಚೀಟಿಯಲ್ಲಿ "ಒ ಪಾಸಿಟಿವ್" ಎಂದು ಬರೆದಿದೆ. ಅದು ತಪ್ಪು. ಎರಡು ಬೇರೆ ಲ್ಯಾಬ್‌ಗಳಲ್ಲಿ ಮತ್ತೆ ನೋಡಿಸಿದೆವು, ಎರಡರಲ್ಲೂ ನೆಗೆಟಿವ್ ಬಂತು. ಆ ಚೀಟಿಯ ಮೇಲೆ ಕೆಂಪು ಗೆರೆ ಎಳೆದಿದ್ದೇನೆ, ದಯವಿಟ್ಟು ಅದನ್ನು ನೋಡಿ ಆಂಟಿ-ಡಿ ಬಿಡಬೇಡಿ. ಮೊದಲ ಹೆರಿಗೆಯಾದ ಮೇಲೆ ಆಂಟಿ-ಡಿ ಕೊಟ್ಟಿದ್ದಾರೆ. 2023ರಲ್ಲಿ 9 ವಾರಕ್ಕೆ ಗರ್ಭಪಾತವಾದಾಗ ಕೊಟ್ಟ ದಾಖಲೆ ಇಲ್ಲ. ಏಪ್ರಿಲ್ 4ರ ಐಸಿಟಿ ನೆಗೆಟಿವ್.

ಮೊದಲ ಮಗು 2021ರಲ್ಲಿ, ಸಿಸೇರಿಯನ್. ಮಗುವಿನ ಕಾಲು ಮುಂದಾಗಿತ್ತು. ಮಗು ಚೆನ್ನಾಗಿದೆ.

ಮೇ 30ರ ಸ್ಕ್ಯಾನಿಂಗ್‌ನಲ್ಲಿ ಮಾಸು ಮುಂಭಾಗದಲ್ಲಿ, ಕೆಳಗಿದೆ. ಗರ್ಭದ ಬಾಯಿಯಿಂದ 1.5 ಸೆಂ.ಮೀ. ದೂರ. ಬೇರೆಯವರಲ್ಲಾದರೆ ತಿಂಗಳು ಕಳೆದಂತೆ ಮೇಲೆ ಸರಿಯುತ್ತದೆ ಎಂದು ಕಾಯಬಹುದು. ಇವರಿಗೆ ಹಳೆಯ ಆಪರೇಷನ್ ಗಾಯವೂ ಅಲ್ಲೇ ಇದೆ, ಮಾಸು ಗಾಯದೊಳಕ್ಕೆ ಅಂಟಿಕೊಂಡಿರಬಹುದೇ ಎಂಬುದನ್ನು ತಜ್ಞರೇ ನೋಡಬೇಕು. ರಕ್ತಸ್ರಾವ ಕಂಡರೆ ಒಳಪರೀಕ್ಷೆ ಮಾಡಲೇಬೇಡಿ.

ರಕ್ತಹೀನತೆ ಜಾಸ್ತಿಯಾಗುತ್ತಿದೆ. ಹಿಮೋಗ್ಲೋಬಿನ್ ಏಪ್ರಿಲ್ 4ಕ್ಕೆ 10.4, ಮೇ 30ಕ್ಕೆ 9.1, ಇವತ್ತು 8.7. ಮಾತ್ರೆ ಕೊಡುತ್ತಲೇ ಇದ್ದೇವೆ. ಕೂತು ಕೇಳಿದಾಗ ಗೊತ್ತಾಯಿತು: ವಾಕರಿಕೆ ಅಂತ ವಾರಕ್ಕೆ ಎರಡು ಮೂರು ಸಲ ಮಾತ್ರ ನುಂಗುತ್ತಾರೆ, ಅದೂ ಕಾಫಿ ಕುಡಿದ ಕೂಡಲೇ. ಮಾತ್ರೆ ಕೊಟ್ಟೆವು ಎಂದು ಬರೆದರೆ ಸಾಲದು, ಖಾಲಿ ಸ್ಟ್ರಿಪ್ ತೋರಿಸಲು ಹೇಳಿ. ರಾತ್ರಿ ಊಟವಾದ ಮೇಲೆ ತಗೊಂಡರೆ ವಾಕರಿಕೆ ಕಡಿಮೆ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ.

ಇವರ ತಾಯಿಗೆ ಸಕ್ಕರೆ ಕಾಯಿಲೆ ಇದೆ. ಏಪ್ರಿಲ್‌ನಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡಿದಾಗ 126.

ಬಿ.ಪಿ. 110/70, 114/74, ಇವತ್ತು 122/80. ಈಗ ಸರಿಯಿದೆ, ಆದರೆ ಏರುತ್ತಿದೆ. ಪ್ರತಿ ಭೇಟಿಯಲ್ಲೂ ನೋಡಿ.

ಆಗಿರುವುದು
ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್-ಬಿ ನೆಗೆಟಿವ್. ಟಿಡಿ ಎರಡೂ ಡೋಸ್ (ಏಪ್ರಿಲ್ 4, ಮೇ 2). ಜಂತುಹುಳು ಮಾತ್ರೆ ಮೇ 2. ಮೂತ್ರದಲ್ಲಿ ಪ್ರೋಟೀನ್ ಇಲ್ಲ. ತೂಕ 51ರಿಂದ 55 ಕೆ.ಜಿ.

ಮುಂದಿನ ಪರೀಕ್ಷೆಗಳು
25 ಜುಲೈ, 28 ವಾರ, ತಾಲ್ಲೂಕು ಆಸ್ಪತ್ರೆ: ಈ ದಿನ ತಪ್ಪಬಾರದು. ಮೊದಲು ಐಸಿಟಿಗೆ ರಕ್ತ ತೆಗೆಯಿರಿ, ನೆಗೆಟಿವ್ ಬಂದರೆ ಆಂಟಿ-ಡಿ 300 ಮೈಕ್ರೋಗ್ರಾಂ. ಅದೇ ದಿನ ಗ್ಲೂಕೋಸ್ ಪರೀಕ್ಷೆ, ಎರಡು ಗಂಟೆಗೆ 140 ಅಥವಾ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಿ. ಕಬ್ಬಿಣದ ಇಂಜೆಕ್ಷನ್ ಶುರು ಮಾಡಲು ನಮ್ಮ ವೈದ್ಯಾಧಿಕಾರಿ ಬರೆದುಕೊಟ್ಟಿದ್ದಾರೆ, ಪತ್ರ ಜೊತೆಗಿದೆ.
9 ಆಗಸ್ಟ್: ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ, ತಜ್ಞರ ತಪಾಸಣೆ.
22 ಆಗಸ್ಟ್, 32 ವಾರ: ಮಾಸು ಎಲ್ಲಿದೆ, ಮಗುವಿನ ಬೆಳವಣಿಗೆ ಹೇಗಿದೆ ಎಂಬ ಸ್ಕ್ಯಾನಿಂಗ್. ಹಿಮೋಗ್ಲೋಬಿನ್.
9 ಸೆಪ್ಟೆಂಬರ್: ತಜ್ಞರ ಬಳಿ. ಸಿಸೇರಿಯನ್ ದಿನ, ಆಸ್ಪತ್ರೆ ಯಾವುದು ಎಂದು ಇಲ್ಲೇ ತೀರ್ಮಾನವಾಗಲಿ. ಒ ನೆಗೆಟಿವ್ ರಕ್ತ ಸುಲಭವಾಗಿ ಸಿಗುವುದಿಲ್ಲ, ಹಾಗಾಗಿ ರಕ್ತನಿಧಿಗೆ ಮೊದಲೇ ತಿಳಿಸಿ.
19 ಸೆಪ್ಟೆಂಬರ್, 36 ವಾರ: ಹಿಮೋಗ್ಲೋಬಿನ್, ಬಿ.ಪಿ., ಮೂತ್ರ.
ಹೆರಿಗೆಯಾದಾಗ: ಮಗುವಿನ ರಕ್ತದ ಗುಂಪು ನೋಡಿ, ಪಾಸಿಟಿವ್ ಇದ್ದರೆ 72 ಗಂಟೆಯೊಳಗೆ ಮತ್ತೊಮ್ಮೆ ಆಂಟಿ-ಡಿ.

ಮಂಜುಳಾ ಅವರೇ, ಇದು ನಿಮಗೆ ಮತ್ತು ನಿಮ್ಮ ಅಮ್ಮನಿಗೆ
ನೋವಿಲ್ಲದಿದ್ದರೂ ಸರಿ, ಸ್ವಲ್ಪವೇ ರಕ್ತ ಕಂಡರೂ ಸರಿ, ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ನೀರು ಹೋದರೆ, ಹಳೆ ಹೊಲಿಗೆಯ ಜಾಗದಲ್ಲಿ ನೋವು ಬಂದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮುಖ ಊದಿದರೆ, ಮಗು ಮಿಸುಕಾಡುವುದು ಕಡಿಮೆಯಾದರೆ ಕೂಡ ಹಾಗೆಯೇ. ಆಸ್ಪತ್ರೆಗೆ ಹೋಗುವಾಗ ಈ ಕಾರ್ಡ್ ಕೈಯಲ್ಲಿರಲಿ. ಒಳಗೆ ಹೋದ ತಕ್ಷಣ "ನನ್ನದು ಒ ನೆಗೆಟಿವ್, ಮಾಸು ಕೆಳಗಿದೆ, ಮೊದಲು ಆಪರೇಷನ್ ಆಗಿದೆ" ಎಂದು ಹೇಳಿ.