ಸತ್ಯಾಗ್ರಹ ಮತ್ತು ಸಶಸ್ತ್ರ ಹೋರಾಟ: 1930ರ ಏಪ್ರಿಲ್ ತಿಂಗಳಿನಿಂದ ಶುರುಮಾಡಿ

ಪ್ರಶ್ನೆ: ವಸಾಹತುಶಾಹಿ ವಿರುದ್ಧದ ಹೋರಾಟದ ವಿಧಾನಗಳಾಗಿ ಸತ್ಯಾಗ್ರಹ ಮತ್ತು ಸಶಸ್ತ್ರ ಪ್ರತಿರೋಧವನ್ನು ಹೋಲಿಸಿ. ಉದಾಹರಣೆಗಳೊಂದಿಗೆ ನಿಮ್ಮ ಅಭಿಪ್ರಾಯವನ್ನು ಸಮರ್ಥಿಸಿ. (20 ಅಂಕ)

ಉತ್ತರ:

1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯ ಕಡಲ ತೀರದಲ್ಲಿ ಉಪ್ಪು ಎತ್ತಿಕೊಂಡರು. ಹನ್ನೆರಡೇ ದಿನಕ್ಕೆ, ಏಪ್ರಿಲ್ 18ರ ರಾತ್ರಿ, ಚಿತ್ತಗಾಂಗ್‌ನಲ್ಲಿ ಸೂರ್ಯ ಸೇನ್ ಅವರ ತಂಡ ಪೊಲೀಸರ ಶಸ್ತ್ರಾಗಾರಕ್ಕೆ ನುಗ್ಗಿತು. ಅದೇ ದೇಶ, ಅದೇ ತಿಂಗಳು, ಎದುರಿಗೆ ಅದೇ ಸರ್ಕಾರ. ಎರಡು ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಒಂದು ವೀರರ ದಾರಿ, ಇನ್ನೊಂದು ಸಾಧುಗಳ ದಾರಿ ಎಂದು ಹಂಚಿಬಿಡುವ ಅಭ್ಯಾಸ ನಮಗಿದೆ. ಅದು ಸರಿಯಲ್ಲ. ಅದೇ ವರ್ಷದ ಮೇ 21ರಂದು ಧಾರಾಸನದ ಉಪ್ಪಿನ ಡಿಪೋ ಎದುರು ಸಾಲುಸಾಲಾಗಿ ಬಂದವರು ಲಾಠಿ ಏಟಿಗೆ ಕೈ ಕೂಡ ಅಡ್ಡ ಹಿಡಿಯಲಿಲ್ಲ. ಮುಂದಿನ ಸಾಲು ಬಿದ್ದರೆ ಹಿಂದಿನ ಸಾಲು ಬರುತ್ತಿತ್ತು. ಅದಕ್ಕೆ ಬೇಕಾದ ಗುಂಡಿಗೆ ಬಂದೂಕು ಹಿಡಿಯುವವನ ಗುಂಡಿಗೆಗಿಂತ ಚಿಕ್ಕದೇನಲ್ಲ. ನನ್ನ ಪ್ರಕಾರ ಹೋಲಿಸಬೇಕಾದ್ದು ಬೇರೆ ಎರಡು ವಿಷಯ. ಹೋರಾಟದಲ್ಲಿ ಯಾರು, ಎಷ್ಟು ಜನ ಸೇರಬಹುದು? ಪೆಟ್ಟು ಸರ್ಕಾರದ ಯಾವ ಜಾಗಕ್ಕೆ ಬೀಳುತ್ತದೆ?

ಮೊದಲು ಚಿತ್ತಗಾಂಗ್ ನೋಡೋಣ. ಅರವತ್ತಕ್ಕೂ ಸ್ವಲ್ಪ ಜಾಸ್ತಿ ಜನ, ಹೆಚ್ಚಿನವರು ಎಳೆಯರು. ಯೋಜನೆ ಬಹಳ ಅಚ್ಚುಕಟ್ಟಾಗಿತ್ತು. ಟೆಲಿಫೋನ್, ಟೆಲಿಗ್ರಾಫ್ ಸಂಪರ್ಕ ಕಡಿದರು, ರೈಲು ಹಳಿ ಕಿತ್ತರು. ಬಂದೂಕುಗಳೇನೋ ಸಿಕ್ಕವು, ಆದರೆ ಅವಕ್ಕೆ ಬೇಕಾದ ಮದ್ದುಗುಂಡು ಸಿಗಲಿಲ್ಲ! ಯುರೋಪಿಯನ್ ಕ್ಲಬ್‌ಗೆ ಹೋದರೆ ಅಲ್ಲಿ ಜನರೇ ಇಲ್ಲ. ಅವತ್ತು ಗುಡ್ ಫ್ರೈಡೇ. ನಾಲ್ಕು ದಿನ ಕಳೆದು ಜಲಾಲಾಬಾದ್ ಗುಡ್ಡದಲ್ಲಿ ಸೈನ್ಯ ಸುತ್ತುವರಿದಾಗ ಹನ್ನೆರಡು ಕ್ರಾಂತಿಕಾರಿಗಳು ಸತ್ತರು. ಸಶಸ್ತ್ರ ಹೋರಾಟದ ಕಷ್ಟವೆಲ್ಲ ಈ ಒಂದು ರಾತ್ರಿಯಲ್ಲಿ ಕಾಣುತ್ತದೆ. ಎಲ್ಲವೂ ಗುಟ್ಟಾಗಿ ನಡೆಯಬೇಕು, ಹಾಗಾಗಿ ಜನ ಕಡಿಮೆ ಇರಬೇಕು. ಜನ ಕಡಿಮೆ ಇದ್ದಾಗ ಒಂದು ಲೆಕ್ಕ ತಪ್ಪಿದರೂ ಪೂರ್ತಿ ಕೆಲಸ ಕೆಡುತ್ತದೆ. ಬಂದೂಕಿಗೆ ಬಂದೂಕು ಎಂದರೆ ಸರ್ಕಾರ ಅತಿ ಗಟ್ಟಿಯಾಗಿರುವ ಕಡೆಯೇ ಹೋಗಿ ಡಿಕ್ಕಿ ಹೊಡೆದಂತೆ. ಕಿತ್ತೂರಿನ ನಂತರ ಸಂಗೊಳ್ಳಿ ರಾಯಣ್ಣನಿಗೆ ಆದದ್ದೂ ಇದೇ. ಅವನನ್ನು ಮೋಸದಿಂದ ಹಿಡಿದುಕೊಟ್ಟು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಮೇಲೆ ದಂಗೆಯನ್ನು ಮುಂದೆ ಒಯ್ಯುವುದು ಕಷ್ಟವಾಯಿತು.

ದಂಡಿಯದು ಇದಕ್ಕೆ ತದ್ವಿರುದ್ಧ. ಗಾಂಧೀಜಿ ಮಾರ್ಚ್ 2ರಂದೇ ವೈಸ್‌ರಾಯ್ ಇರ್ವಿನ್‌ಗೆ ಪತ್ರ ಬರೆದು, ಕಾನೂನು ಮುರಿಯುತ್ತೇನೆ ಎಂದು ತಿಳಿಸಿದ್ದರು. ಗುಟ್ಟೇ ಇಲ್ಲದ ಕಡೆ ಪತ್ತೇದಾರ ಏನು ಮಾಡಿಯಾನು? ಉಪ್ಪು ಎಲ್ಲರ ಅಡುಗೆಮನೆಯ ವಸ್ತು, ಅದರ ಮೇಲಿನ ತೆರಿಗೆ ಕೂಲಿಯವನಿಗೂ ತಟ್ಟುತ್ತಿತ್ತು. ಏಪ್ರಿಲ್ 13ಕ್ಕೆ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಜನ ಉಪ್ಪು ತಯಾರಿಸಿದರು. ದಂಡಿಗೆ ಹೊರಟ ಮೊದಲ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ, ಇದನ್ನು ಮರೆಯಬಾರದು. ಆದರೆ ಕೆಲವೇ ದಿನಗಳಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮುಂಬೈ ಬೀದಿಯಲ್ಲಿ ಉಪ್ಪಿನ ಪೊಟ್ಟಣ ಮಾರುತ್ತಿದ್ದರು. ಮೇ ತಿಂಗಳಲ್ಲಿ ಗಾಂಧೀಜಿಯನ್ನು ಬಂಧಿಸಿದರೂ ಚಳವಳಿ ನಿಲ್ಲಲಿಲ್ಲ. 60,000ಕ್ಕೂ ಹೆಚ್ಚು ಜನ ಜೈಲು ಸೇರಿದರು.

ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದಕ್ಕೆ 1928ರ ಬಾರ್ಡೋಲಿ ಒಳ್ಳೆಯ ಉದಾಹರಣೆ. ಕಂದಾಯವನ್ನು ಶೇಕಡಾ 22ರಷ್ಟು ಏರಿಸಿದಾಗ ರೈತರು ಕಟ್ಟುವುದಿಲ್ಲ ಎಂದರು. ಜಪ್ತಿಗೆ ಬರುವವರಿಂದ ತಪ್ಪಿಸಿಕೊಳ್ಳಲು ಎಮ್ಮೆಗಳನ್ನೂ ಮನೆಯೊಳಗೆ ಕೂಡಿಹಾಕಿ, ತಾವೂ ಬಾಗಿಲು ಹಾಕಿಕೊಂಡು ಕುಳಿತರು. ಸರ್ಕಾರ ನಡೆಯುವುದೇ ತಲಾಟಿ, ಪಟೇಲ, ಸಿಪಾಯಿ, ಕಂದಾಯ ಕಟ್ಟುವ ರೈತ ಇವರೆಲ್ಲ ದಿನಾ 'ಹೂಂ' ಅನ್ನುವುದರಿಂದ. ಅದು ನಿಂತರೆ ಫಿರಂಗಿ ಇದ್ದೂ ಕೆಲಸಕ್ಕೆ ಬರುವುದಿಲ್ಲ. ಕೊನೆಗೆ ಸರ್ಕಾರ ನೇಮಿಸಿದ ಸಮಿತಿಯೇ ಏರಿಕೆಯನ್ನು ಶೇಕಡಾ 6ರ ಆಸುಪಾಸಿಗೆ ಇಳಿಸಿತು.

ಹಾಗೆಂದು ಸತ್ಯಾಗ್ರಹ ಅಗ್ಗದ ದಾರಿ ಅಲ್ಲ. ಅಂಕೋಲಾ, ಸಿದ್ದಾಪುರದ ಕರನಿರಾಕರಣೆಯಲ್ಲಿ ಬಡ ಒಕ್ಕಲುಗಳು ಜಮೀನು, ಪಾತ್ರೆಪಗಡ ಎಲ್ಲ ಕಳೆದುಕೊಂಡರು. ಇನ್ನೊಂದು ತೊಡಕೂ ಇದೆ. ಲಕ್ಷಾಂತರ ಜನ ಸೇರುವ ಚಳವಳಿಯಲ್ಲಿ ಎಲ್ಲರೂ ಶಿಸ್ತಿನಿಂದ ಇರುತ್ತಾರೆ ಎಂಬ ಖಾತ್ರಿ ಎಲ್ಲಿಂದ ಬರಬೇಕು? 1922ರ ಫೆಬ್ರುವರಿಯಲ್ಲಿ ಚೌರಿಚೌರಾದಲ್ಲಿ ಗುಂಪು ಠಾಣೆಗೆ ಬೆಂಕಿ ಹಚ್ಚಿ ಇಪ್ಪತ್ತಕ್ಕೂ ಹೆಚ್ಚು ಪೊಲೀಸರು ಸತ್ತಾಗ ಗಾಂಧೀಜಿ ಇಡೀ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು. ಜೈಲಿನಲ್ಲಿದ್ದ ಕಾಂಗ್ರೆಸ್ ನಾಯಕರಿಗೇ ಅದು ಸಿಟ್ಟು ತರಿಸಿತು. ಸುಮ್ನೆ ಬಂದ ಸಿಟ್ಟಲ್ಲ ಅದು. ಆ ನಿರಾಸೆಯಿಂದಲೇ ಎಷ್ಟೋ ಯುವಕರು ಕ್ರಾಂತಿಕಾರಿ ಗುಂಪುಗಳ ಕಡೆ ತಿರುಗಿದರು.

ಸತ್ಯಾಗ್ರಹ ಎಲ್ಲ ಕಡೆಯೂ ನಡೆಯುತ್ತದೆ ಎನ್ನುವಂತೆಯೂ ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ 1906ರಲ್ಲಿ ಹುಟ್ಟಿದ ಈ ವಿಧಾನ ಅದೇ ನೆಲದಲ್ಲಿ 1960ರ ಹೊತ್ತಿಗೆ ಬಳಲಿತ್ತು. ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಕೊಂದ ಮರುವರ್ಷ ಮಂಡೇಲಾ ಮತ್ತು ಅವರ ಸಂಗಡಿಗರು ಸಶಸ್ತ್ರ ದಳ ಕಟ್ಟಿದರು. ಸುಮಾರು ಹತ್ತು ಲಕ್ಷ ಯುರೋಪಿಯನ್ ವಲಸಿಗರು ಬೇರು ಬಿಟ್ಟಿದ್ದ ಅಲ್ಜೀರಿಯಾ 1954ರಿಂದ 1962ರವರೆಗೆ ಯುದ್ಧ ಮಾಡಿಯೇ ಬಿಡುಗಡೆ ಪಡೆಯಿತು. ಊರು ಬಿಟ್ಟು ಹೋಗಲು ಒಪ್ಪದ ವಲಸಿಗರ ಆಡಳಿತವೇ ಬೇರೆ, ಭಾರತದಂತೆ ಸ್ಥಳೀಯರ ಕೈಯಿಂದಲೇ ನಡೆಯುತ್ತಿದ್ದ ಆಡಳಿತವೇ ಬೇರೆ.

ಇನ್ನು ಸೈನ್ಯದ ವಿಷಯ. ಸಿಪಾಯಿಯ ನಿಷ್ಠೆಯನ್ನು ಅಲ್ಲಾಡಿಸಿದ್ದು ಸಶಸ್ತ್ರ ಹೋರಾಟ ಮಾತ್ರ ಎಂಬ ವಾದವಿದೆ. 1945ರ ಕೆಂಪುಕೋಟೆ ವಿಚಾರಣೆ, 1946ರ ಫೆಬ್ರುವರಿಯ ನೌಕಾಪಡೆ ಬಂಡಾಯ ಇದಕ್ಕೆ ಆಧಾರ. ಆಜಾದ್ ಹಿಂದ್ ಸೈನ್ಯ ರಣರಂಗದಲ್ಲಿ ಸೋತರೂ ಅದರ ವಿಚಾರಣೆ ಬ್ರಿಟಿಷರಿಗೆ ಬಹಳ ದುಬಾರಿಯಾಯಿತು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ 1930ರ ಅದೇ ಏಪ್ರಿಲ್‌ನ 23ರಂದು ಪೇಶಾವರದಲ್ಲಿ ಏನಾಯಿತು? ಖಾನ್ ಅಬ್ದುಲ್ ಗಫಾರ್ ಖಾನರ ಬಂಧನದ ವಿರುದ್ಧ ಬೀದಿಗಿಳಿದಿದ್ದ ನಿರಾಯುಧ ಪಠಾಣರ ಮೇಲೆ ಗುಂಡು ಹಾರಿಸಲು ಚಂದ್ರ ಸಿಂಗ್ ಗಢ್ವಾಲಿ ಮತ್ತು ಅವರ ಜೊತೆಯ ಸಿಪಾಯಿಗಳು ಒಪ್ಪಲಿಲ್ಲ. ಎದುರಿಗಿದ್ದವರ ಕೈಯಲ್ಲೂ ಬಂದೂಕು ಇದ್ದಿದ್ದರೆ ಆ ಸಿಪಾಯಿಗಳಿಗೆ ಹಾಗೆ ನಿಲ್ಲಲು ಆಗುತ್ತಿತ್ತೇ? ನನಗೆ ಅನುಮಾನ.

ಹಾಗಾಗಿ ಬ್ರಿಟಿಷ್ ಭಾರತದ ಮಟ್ಟಿಗೆ ಸತ್ಯಾಗ್ರಹವೇ ಹೆಚ್ಚು ಪರಿಣಾಮಕಾರಿ ಎಂದು ನಾನು ವಾದಿಸುತ್ತೇನೆ. ಆದರೆ ಎರಡರ ನಡುವೆ ಗೋಡೆ ಇತ್ತು ಎಂದು ಬರೆದರೆ ತಪ್ಪಾಗುತ್ತದೆ. ಅಸೆಂಬ್ಲಿಯಲ್ಲಿ ಬಾಂಬ್ ಎಸೆದ ಭಗತ್ ಸಿಂಗ್ ಜೈಲಿನಲ್ಲಿ ಹಿಡಿದದ್ದು ಉಪವಾಸದ ದಾರಿ. ಅದೇ ಉಪವಾಸದಲ್ಲಿ ಜತೀಂದ್ರನಾಥ ದಾಸ್ 63ನೇ ದಿನ ಪ್ರಾಣ ಬಿಟ್ಟರು. ಸೂರ್ಯ ಸೇನ್ 1933ರವರೆಗೆ ಪೊಲೀಸರ ಕೈಗೆ ಸಿಗದೆ ಇದ್ದದ್ದು ಹಳ್ಳಿಯ ಜನ ಊಟ ಹಾಕಿ, ಬಾಯಿ ಬಿಡದೆ ಕಾಪಾಡಿದ್ದರಿಂದ. ಅದೂ ಒಂದು ರೀತಿಯ ಅಸಹಕಾರವೇ ಅಲ್ವಾ?

ನಮ್ಮ ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವ ಗಾಂಧೀಜಿಯ ಜೊತೆ ದಂಡಿಗೆ ನಡೆದವರು. ಆಗಿನ್ನೂ ಇಪ್ಪತ್ತೂ ದಾಟದ ಹುಡುಗ. ಊರಿಗೆ ಬಂದು ಖಾದಿಯ ಕೆಲಸ ಮಾಡಿದರು. 1942ರ ನಂತರ ಅದೇ ಮನುಷ್ಯ ತಂಡ ಕಟ್ಟಿಕೊಂಡು ಸರ್ಕಾರಿ ಕಚೇರಿಗಳ ಮೇಲೆ ದಾಳಿ ಮಾಡತೊಡಗಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಿದ್ದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಬ್ಬರೂ ಅವರ ಜೊತೆಯಲ್ಲೇ ಸತ್ತರು. ಬಾರ್ಡೋಲಿಯ ರೈತ ಕೊಡುವುದಿಲ್ಲ ಎಂದು ಬಾಗಿಲು ಹಾಕಿಕೊಂಡಿದ್ದೂ ಕಂದಾಯಕ್ಕಾಗಿಯೇ, ಮಹಾದೇವ ಬಾಗಿಲು ಒಡೆಯಲು ಹೋಗಿದ್ದೂ ಕಂದಾಯಕ್ಕಾಗಿಯೇ.