ಘಟನಾ ವರದಿ: ಕಂತಿನ ಎಸ್ಸೆಮ್ಮೆಸ್ ಒಂದಕ್ಕಿಂತ ಹೆಚ್ಚು ಸಲ ಹೋದ ಬಗ್ಗೆ

ಘಟನೆ: 2025ರ ಜೂನ್ 3, ಮಂಗಳವಾರ, ಬೆಳಿಗ್ಗೆ 9:15ರಿಂದ 9:36
ವರದಿ: ತಂತ್ರಾಂಶ ವಿಭಾಗ, ಜೂನ್ 4
ಇವರಿಗೆ: ಎಲ್ಲ ಶಾಖಾ ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಐದನೇ ತಾರೀಖಿನ ಸಾಲದ ಕಂತನ್ನು ನೆನಪಿಸಲು 11,987 ಗ್ರಾಹಕರಿಗೆ ತಲಾ ಒಂದು ಎಸ್ಸೆಮ್ಮೆಸ್ ಹೋಗಬೇಕಿತ್ತು. 3,794 ಜನರಿಗೆ ಒಂದಕ್ಕಿಂತ ಹೆಚ್ಚು ಸಲ ಹೋಯಿತು. ಅವರಲ್ಲಿ 806 ಜನರಿಗೆ ಮೂರು ಸಲ. ನಡುವೆಯೇ ನಿಲ್ಲಿಸಿದ್ದರಿಂದ 2,175 ಜನರಿಗೆ ತಲುಪಿರಲಿಲ್ಲ, ಅವರಿಗೆ ಮಧ್ಯಾಹ್ನ ಕಳಿಸಿದೆವು.

ಇದರಲ್ಲಿ ಅತ್ಯಂತ ನೋವಿನ ಸಂಗತಿ, 17 ಗ್ರಾಹಕರು ಎರಡು ಕಂತು ಬಾಕಿ ಇದೆಯೆಂದು ನಂಬಿ ಯುಪಿಐ ಮೂಲಕ ಎರಡು ಸಲ ಹಣ ಕಟ್ಟಿದ್ದು. 13 ಜನರಿಗೆ ಅಂದೇ ಮರಳಿಸಿದ್ದೇವೆ, ಉಳಿದ ನಾಲ್ವರಿಗೆ ಇಂದು ಸಂಜೆಯೊಳಗೆ ಸೇರುತ್ತದೆ.

ಕಾರಣ

ಈ ತಿಂಗಳು ಸಂದೇಶವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸಿದೆವು. ಇಂಗ್ಲಿಷಿನಲ್ಲಿ 160 ಅಕ್ಷರದವರೆಗೆ ಒಂದೇ ಎಸ್ಸೆಮ್ಮೆಸ್. ಕನ್ನಡದಲ್ಲಿ ಆ ಮಿತಿ 70. ಅದನ್ನು ಮೀರಿದರೆ 67ರಂತೆ ತುಂಡಾಗುತ್ತದೆ. ನಮ್ಮ ಸಂದೇಶ ಮೂರು ತುಂಡಾಯಿತು. ನಮ್ಮ ಎಸ್ಸೆಮ್ಮೆಸ್ಸುಗಳನ್ನು ಗ್ರಾಹಕರಿಗೆ ಸಾಗಿಸುವ ಗೇಟ್‌ವೇ ನಮಗೆ ಸೆಕೆಂಡಿಗೆ 20 ತುಂಡುಗಳನ್ನಷ್ಟೇ ಬಿಡುತ್ತದೆ. ಹಾಗಾಗಿ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಅರ್ಧ ಗಂಟೆ ಬೇಕಾಯಿತು.

ತಪ್ಪಿಹೋದವರಿಗೆ ಮತ್ತೆ ಕಳಿಸಲೆಂದು ಈ ಕೆಲಸ 15 ನಿಮಿಷಕ್ಕೊಮ್ಮೆ ಶುರುವಾಗುತ್ತದೆ. ಹೊತ್ತಿಗೆ ಸರಿಯಾಗಿ ಅದನ್ನು ಶುರುಮಾಡುವ ಕ್ರಾನ್, ಹಿಂದಿನದು ಮುಗಿದಿದೆಯೇ ಎಂದು ನೋಡುವುದಿಲ್ಲ. 'ಕಳಿಸಿದೆ' ಎಂಬ ಗುರುತನ್ನು ನಾವು ಬರೆಯುತ್ತಿದ್ದುದು ಪಟ್ಟಿಯೆಲ್ಲ ಮುಗಿದ ಮೇಲೆ. 9:15ಕ್ಕೆ ಶುರುವಾದ ಎರಡನೆಯದಕ್ಕೆ ಯಾರಿಗೂ ಸಂದೇಶ ಹೋಗಿಲ್ಲವೆಂದೇ ಕಂಡಿತು, ಮೊದಲ ಹೆಸರಿನಿಂದ ಕಳಿಸತೊಡಗಿತು. 9:30ಕ್ಕೆ ಮೂರನೆಯದೂ ಹಾಗೆಯೇ.

ಕನ್ನಡಕ್ಕೆ ಬದಲಿಸಿದ್ದೇ ತಪ್ಪು ಎಂದು ಯಾರೂ ತಿಳಿಯಬಾರದು. ಗ್ರಾಹಕರು ಓದಬಲ್ಲ ಭಾಷೆಯಲ್ಲೇ ಮುಂದೆಯೂ ಕಳಿಸುತ್ತೇವೆ. ದೋಷ ಇದ್ದದ್ದು ಮೊದಲಿನಿಂದಲೂ ನಮ್ಮ ಕೋಡಿನಲ್ಲಿ. ಪರೀಕ್ಷೆಯನ್ನು ಐದು ನಂಬರುಗಳಿಗಷ್ಟೇ ಮಾಡಿದ್ದರಿಂದ ಅದು ಕಾಣಲಿಲ್ಲ.

ತಡವಾದದ್ದು ಏಕೆ

9:22ಕ್ಕೆ ಶಾಖೆಯೊಂದರಿಂದ ಫೋನ್ ಬಂತು: "ಎರಡು ಕಂತು ಕಟ್ಬೇಕಾ ಅಂತ ಜನ ಕೇಳ್ತಿದಾರೆ ಸಾರ್." ಗೇಟ್‌ವೇಯೇ ಮರುಕಳಿಸುತ್ತಿದೆ ಎಂದು ಭಾವಿಸಿ ಗೇಟ್‌ವೇಯವರೊಡನೆ ಮಾತಾಡುತ್ತ ಎಂಟು ನಿಮಿಷ ಕಳೆದೆವು. ಮೊದಲು ನಿಲ್ಲಿಸಿ, ಆಮೇಲೆ ಕಾರಣ ಹುಡುಕಬೇಕಿತ್ತು. ಹಾಗೆ ಮಾಡಿದ್ದರೆ ಮೂರನೆಯ ಸುತ್ತು ಶುರುವಾಗುತ್ತಲೇ ಇರಲಿಲ್ಲ. ಸಂದೇಶ ಹೋಗದಿದ್ದರೆ ಎಚ್ಚರಿಸುವ ವ್ಯವಸ್ಥೆ ಇತ್ತು, ಹೆಚ್ಚು ಹೋದರೆ ಎಚ್ಚರಿಸುವುದು ಇರಲಿಲ್ಲ.

ಮಾಡಿರುವ ಬದಲಾವಣೆ

ಒಂದು ನಡೆಯುತ್ತಿರುವಾಗ ಇನ್ನೊಂದು ಶುರುವಾಗದಂತೆ ನಿನ್ನೆಯೇ ಬೀಗ ಹಾಕಿದ್ದೇವೆ:

```
*/15 9-11 * * * flock -n /tmp/remind.lock /opt/jobs/remind.sh
```

ಈ ಬೀಗ ಒಂದೇ ಸರ್ವರಿನೊಳಗೆ ಕೆಲಸ ಮಾಡುತ್ತದೆ, ಅದೊಂದನ್ನೇ ನಂಬಲಾಗದು. ಆದ್ದರಿಂದ ಪ್ರತಿ ಸಂದೇಶಕ್ಕೂ ಮುನ್ನ ಡೇಟಾಬೇಸಿನಲ್ಲಿ ಒಂದು ನಮೂದು ಬರೆಯುತ್ತೇವೆ. ಅದೇ ಸಾಲ, ಅದೇ ತಾರೀಖಿಗೆ ಎರಡನೆಯ ನಮೂದನ್ನು ಡೇಟಾಬೇಸೇ ಒಪ್ಪುವುದಿಲ್ಲ:

```
UNIQUE (loan_id, due_date)
```

ಬರೆದ ಮೇಲೆ, ಕಳಿಸುವ ಮುನ್ನ ಪ್ರೋಗ್ರಾಂ ನಿಂತರೆ ಯಾರಿಗಾದರೂ ಸಂದೇಶ ತಪ್ಪಬಹುದು. ಅಂಥವರನ್ನು ಗೇಟ್‌ವೇಯ ತಲುಪಿದ ವರದಿಯೊಂದಿಗೆ ಹೋಲಿಸಿ ಹುಡುಕುವ ಕೆಲಸ ಜೂನ್ 20ರೊಳಗೆ ಮುಗಿಯುತ್ತದೆ.

3,794 ಗ್ರಾಹಕರಿಗೂ ನಿನ್ನೆ ಸಂಜೆ ಹೋದ ಸಂದೇಶ ಇದು. ಕೌಂಟರಿನಲ್ಲಿ ಕೇಳಿದವರಿಗೂ ಇದನ್ನೇ ಹೇಳಿ: "ನಮ್ಮ ತಪ್ಪಿನಿಂದ ನಿಮಗೆ ಒಂದಕ್ಕಿಂತ ಹೆಚ್ಚು ಸಲ ಸಂದೇಶ ಬಂದಿದೆ. ಕಟ್ಟಬೇಕಾದದ್ದು ಒಂದೇ ಕಂತು. ಹೆಚ್ಚು ಕಟ್ಟಿದ್ದರೆ ಹಣ ಮರಳಿಸುತ್ತೇವೆ. ಕ್ಷಮಿಸಿ."